ರಸ್ತೆ ಬದಿಯ ಹೋಟೆಲಿನ ಅಗ್ನಿ ವಿಮಾ ಪಾಲಿಸಿ: ಸಿಲಿಂಡರ್ ಅವಘಡ ಮತ್ತು ಗ್ರಾಹಕರ ಗಾಯದ ಪರಿಹಾರ ಸಹಿತ

ಇದು ನಿಮಗೂ ನಮಗೂ ನಡುವಿನ ಒಪ್ಪಂದ. ‘ನೀವು’ ಎಂದರೆ ಹೋಟೆಲಿನ ಮಾಲೀಕರು. ‘ನಾವು’ ಎಂದರೆ ವಿಮಾ ಸಂಸ್ಥೆ. ‘ಗ್ರಾಹಕ’ ಎಂಬ ಪದದ ಅರ್ಥವನ್ನು ಇಲ್ಲಿ ಬೇಕೆಂದೇ ಹಿಗ್ಗಿಸಿದ್ದೇವೆ. ಊಟಕ್ಕೆ ಕುಳಿತವರು ಮಾತ್ರವಲ್ಲ, ಪಾರ್ಸೆಲಿಗೆ ಕಾಯುತ್ತಿರುವವರು, ದಾರಿ ಕೇಳಲು ಬಂದವರು, ಕೈ ತೊಳೆಯಲು ಒಳಗೆ ಬಂದ ಮಗು, ಹೀಗೆ ನಿಮ್ಮ ಆವರಣದಲ್ಲಿ ಕಾಲಿಟ್ಟ ಹೊರಗಿನವರೆಲ್ಲರೂ ಗ್ರಾಹಕರೇ. ರಸ್ತೆ ಬದಿಯ ಹೋಟೆಲಿಗೆ ಬಿಲ್ಲು ಮಾಡಿಸಿದವರಷ್ಟೇ ಬರುವುದಿಲ್ಲ. ಬೆಂಕಿ ಬಿಲ್ಲು ನೋಡಿ ಸುಡುವುದಿಲ್ಲ.

ಅವಧಿ ಮತ್ತು ಮೊತ್ತ

ಪಾಲಿಸಿ 2025ರ ಜೂನ್ 1ರಂದು ಆರಂಭವಾಗಿ 2026ರ ಮೇ 31ರ ಮಧ್ಯರಾತ್ರಿ ಮುಗಿಯುತ್ತದೆ. ಪ್ರೀಮಿಯಂ 11,200 ರೂಪಾಯಿ ಮುಂಗಡವಾಗಿ ಸಂದಾಯವಾಗಿದೆ. ಹೋಟೆಲು ಬಾಡಿಗೆ ಕಟ್ಟಡದಲ್ಲಿ ಇದೆ: ನೆಲಮಹಡಿ, ಸಿಮೆಂಟ್ ಇಟ್ಟಿಗೆಯ ಗೋಡೆ, ಅಡುಗೆಮನೆಯ ಮೇಲೆ ತಗಡಿನ ಛಾವಣಿ, 32 ಜನ ಕೂರುವಷ್ಟು ಜಾಗ, ಏಳು ಕೆಲಸಗಾರರು.

ಗೋಡೆ, ಛಾವಣಿ ಕಟ್ಟಡದ ಮಾಲೀಕರವು. ಅವುಗಳಿಗೆ ಅವರು ಬೇರೆ ವಿಮೆ ಮಾಡಿಸಬೇಕು. ನೀವು ನಿಮ್ಮ ಖರ್ಚಿನಲ್ಲಿ ಮಾಡಿಸಿದ ಟೈಲ್ಸ್, ವೈರಿಂಗ್, ಮರಗೆಲಸ, ಹೊಗೆ ಕೊಳವೆಗಳಿಗೆ 5,00,000 ರೂಪಾಯಿ; ಒಲೆ, ಗ್ರೈಂಡರ್, ಫ್ರಿಜ್, ಪಾತ್ರೆ, ಸಿಲಿಂಡರ್ ಮತ್ತು ಅನಿಲದ ಪೈಪುಗಳಿಗೆ 6,00,000; ಮೇಜು ಕುರ್ಚಿಗಳಿಗೆ 2,00,000; ದಿನಸಿ ದಾಸ್ತಾನಿಗೆ 1,00,000. ಒಟ್ಟು 14,00,000 ರೂಪಾಯಿ. ಆಸ್ತಿ ನಷ್ಟದ ಪ್ರತಿ ಕ್ಲೇಮಿನಲ್ಲೂ ಮೊದಲ 5,000 ರೂಪಾಯಿ ನಿಮ್ಮದು. ಮನುಷ್ಯರ ಗಾಯದ ಕ್ಲೇಮಿಗೆ ಈ ಕಡಿತ ಇಲ್ಲ.

ಆಸ್ತಿಗೆ ಯಾವುದರಿಂದ ರಕ್ಷಣೆ

ಬೆಂಕಿ, ಸಿಡಿಲು, ಸ್ಫೋಟ, ಬೆಂಕಿ ಆರಿಸಲು ಹಾಕಿದ ನೀರಿನಿಂದಾದ ಹಾನಿ, ಪಕ್ಕದ ಅಂಗಡಿಯಿಂದ ಹಬ್ಬಿದ ಬೆಂಕಿ ಇವೆಲ್ಲ ಸೇರಿವೆ. ರಸ್ತೆಯಿಂದ ಹತೋಟಿ ತಪ್ಪಿದ ವಾಹನ ನುಗ್ಗಿ ಆದ ಹಾನಿಯೂ ಸೇರಿದೆ. ಲಾರಿ ಒಳನುಗ್ಗಿದಾಗ ಮುರಿದ ಗೋಡೆಗಿಂತ ಕಿತ್ತುಹೋದ ಅನಿಲದ ಪೈಪೇ ಹೆಚ್ಚು ಅಪಾಯ. ಆದ್ದರಿಂದ ಡಿಕ್ಕಿ ಬೇರೆ, ಬೆಂಕಿ ಬೇರೆ ಎಂದು ನಾವು ವಿಂಗಡಿಸುವುದಿಲ್ಲ. ಎರಡೂ ಒಂದೇ ಕ್ಲೇಮು.

ಸುಟ್ಟ ಉಪಕರಣವನ್ನು ದುರಸ್ತಿ ಮಾಡಲು ಆಗುವಂತಿದ್ದರೆ ದುರಸ್ತಿಯ ಖರ್ಚು, ಆಗದಿದ್ದರೆ ಅದೇ ಬಗೆಯ ಹೊಸದರ ಬೆಲೆ ಕೊಡುತ್ತೇವೆ. ಹೊಸದನ್ನು ಕೊಳ್ಳದೆ ಹಣವನ್ನಷ್ಟೇ ಬಯಸಿದರೆ ಸವಕಳಿ ಕಳೆದು ಕೊಡುತ್ತೇವೆ. ದಿನಸಿಗೆ ಕೊಂಡ ಬೆಲೆ.

ವಿಮೆಯ ಮೊತ್ತ ನಿಜವಾದ ಬೆಲೆಗಿಂತ ಶೇ. 15ರವರೆಗೆ ಕಡಿಮೆ ಇದ್ದರೆ ಚಿಂತೆಯಿಲ್ಲ. ಕೊರತೆ ಅದನ್ನು ಮೀರಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಉದಾಹರಣೆಗೆ, 6 ಲಕ್ಷಕ್ಕೆ ವಿಮೆ ಮಾಡಿಸಿದ ಉಪಕರಣಗಳ ನಿಜವಾದ ಬೆಲೆ 9 ಲಕ್ಷವಾಗಿದ್ದು, 1.5 ಲಕ್ಷದ ನಷ್ಟವಾದರೆ ಸಿಗುವುದು 1 ಲಕ್ಷ. ಅದರಲ್ಲೂ ಮೇಲೆ ಹೇಳಿದ 5,000 ಕಳೆಯುತ್ತದೆ. ವರ್ಷದ ನಡುವೆ ದೊಡ್ಡ ಫ್ರಿಜ್ ಅಥವಾ ಹೊಸ ಒಲೆ ಕೊಂಡರೆ ದಯವಿಟ್ಟು ತಿಳಿಸಿ.

ಬೆಂಕಿಯಿಂದ ಬಾಗಿಲು ಮುಚ್ಚಬೇಕಾಗಿ ಬಂದರೆ ನಾಲ್ಕನೆಯ ದಿನದಿಂದ ದಿನಕ್ಕೆ 2,000 ರೂಪಾಯಿಯಂತೆ ಗರಿಷ್ಠ 30 ದಿನ ಕೊಡುತ್ತೇವೆ.

ಸಿಲಿಂಡರ್ ಅವಘಡ

ಅನಿಲ ಸೋರಿ ಹೊತ್ತಿಕೊಳ್ಳುವುದು, ಸಿಲಿಂಡರ್ ಸಿಡಿಯುವುದು, ರೆಗ್ಯುಲೇಟರ್, ಪೈಪು ಅಥವಾ ಒಲೆ ಕೆಟ್ಟು ಬೆಂಕಿ ಏಳುವುದು, ಸಿಲಿಂಡರ್ ಬದಲಿಸುವಾಗ ಆಗುವ ಅನಾಹುತ, ಎಲ್ಲವೂ ಈ ಭಾಗಕ್ಕೆ ಸೇರುತ್ತವೆ. ಸಿಲಿಂಡರ್ ಒಲೆಗೆ ಜೋಡಿಸಿದ್ದಿರಲಿ, ತುಂಬಿದ್ದು ಕಾದಿಟ್ಟದ್ದಿರಲಿ, ಖಾಲಿಯೆಂದು ಮೂಲೆಗೆ ಸರಿಸಿದ್ದಿರಲಿ, ವ್ಯತ್ಯಾಸವಿಲ್ಲ. ಖಾಲಿ ಎಂದುಕೊಂಡ ಸಿಲಿಂಡರಿನಲ್ಲೂ ಅನಿಲ ಉಳಿದಿರುತ್ತದೆ. ಕೆಲಸಗಾರನ ಮರೆವಿನಿಂದ ಅಥವಾ ಅಜಾಗ್ರತೆಯಿಂದ ಆದ ಅವಘಡಕ್ಕೂ ಪರಿಹಾರವಿದೆ. ಮನುಷ್ಯ ಮರೆಯುತ್ತಾನೆ ಎಂಬುದಕ್ಕಾಗಿಯೇ ವಿಮೆ ಇರುವುದು.

ಆದರೆ ಈ ಕೆಳಗಿನವು ಮರೆವಿನ ಮಾತಲ್ಲ, ವ್ಯವಸ್ಥೆಯ ಮಾತು. ಇವನ್ನು ನೀವು ಪಾಲಿಸಲೇಬೇಕು.

ವಾಣಿಜ್ಯ ಬಳಕೆಯ 19 ಕೆ.ಜಿ. ಸಿಲಿಂಡರನ್ನೇ ಬಳಸಬೇಕು, ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ ಅಡುಗೆಮನೆಗೆ ಬರಕೂಡದು. ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಅನಿಲ ತುಂಬಿಸಕೂಡದು. ಬಳಕೆಯಲ್ಲಿ ಎರಡು, ಕಾದಿಟ್ಟದ್ದು ಎರಡು, ಒಟ್ಟು ನಾಲ್ಕಕ್ಕಿಂತ ಹೆಚ್ಚು ಸಿಲಿಂಡರ್ ಆವರಣದಲ್ಲಿ ಇರಬಾರದು. ಇದ್ದವು ನೆಟ್ಟಗೆ ನಿಂತಿರಬೇಕು, ಮಲಗಿಸಬಾರದು. ಮಲಗಿಸಿದರೆ ವಾಲ್ವ್ ಮೂಲಕ ಅನಿಲದ ಬದಲು ದ್ರವವೇ ಹೊರಬರಬಹುದು, ಅದು ಆವಿಯಾಗುತ್ತಾ ಇನ್ನೂರೈವತ್ತು ಪಟ್ಟಿನಷ್ಟು ಹಿಗ್ಗುತ್ತದೆ.

ಸೋರಿದ ಅನಿಲ ಗಾಳಿಗಿಂತ ಭಾರ. ಅದು ಮೇಲೆ ಏರಿ ಹೋಗುವುದಿಲ್ಲ. ನೆಲದ ಮೇಲೆ ಹರಡಿ ತಗ್ಗಿನಲ್ಲಿ, ಚರಂಡಿಯಲ್ಲಿ, ಹಿಟ್ಟಿನ ಡಬ್ಬಗಳ ಸಂದಿಯಲ್ಲಿ ತಂಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಫ್ರಿಜ್ಜಿನ ಒಂದು ಕಿಡಿ ಸಾಕು. ಆದ್ದರಿಂದ ಸಿಲಿಂಡರ್ ಇಡುವ ಜಾಗದ ಗೋಡೆಯಲ್ಲಿ ನೆಲದ ಮಟ್ಟದಲ್ಲೇ ಗಾಳಿಕಿಂಡಿ ಇರಬೇಕು. ಮೇಲಿನ ಕಿಟಕಿ ತೆರೆದಿತ್ತು ಎಂಬುದು ಈ ಷರತ್ತನ್ನು ಪೂರೈಸುವುದಿಲ್ಲ. ಆ ಜಾಗದ ಹತ್ತಿರ ತೆರೆದ ಚರಂಡಿಯಾಗಲಿ, ಸ್ವಿಚ್ ಬೋರ್ಡಾಗಲಿ ಇರಬಾರದು.

ರಬ್ಬರ್ ಪೈಪು ಉಕ್ಕಿನ ತಂತಿಯ ಹೆಣಿಗೆ ಇರುವ, ಮಾನ್ಯತೆಯ ಗುರುತು ಮುದ್ರಿತವಾದದ್ದೇ ಆಗಿರಬೇಕು. ಐದು ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಅದಕ್ಕೆ ಮೊದಲೇ ಬಿರುಕು ಕಂಡರೆ, ಒಲೆಯ ಕಾವಿಗೆ ಮೆತ್ತಗಾಗಿ ಬೆರಳಿಗೆ ಅಂಟುವಂತಾದರೆ, ಅಂದೇ ಬದಲಿಸಬೇಕು. ಪೈಪು ಒಲೆಯ ಕೆಳಗೆ ಹಾದುಹೋಗಬಾರದು.

ಸಿಲಿಂಡರ್ ಬದಲಿಸುವ ಎರಡು ನಿಮಿಷವೇ ಅತ್ಯಂತ ಅಪಾಯದ ಹೊತ್ತು. ಗಿರಾಕಿ ತುಂಬಿದ್ದಾಗಲೇ ಅದು ಖಾಲಿಯಾಗುವುದೂ ಸಾಮಾನ್ಯ. ಆಗ ಪಕ್ಕದ ಒಲೆಗಳೂ ಆರಬೇಕು, ದೇವರ ದೀಪವೂ ಆರಬೇಕು. ಮುಚ್ಚಳ ತೆಗೆದವರು ವಾಲ್ವಿನೊಳಗೆ ರಬ್ಬರ್ ರಿಂಗು ಇದೆಯೇ ಎಂದು ನೋಡಬೇಕು. ರೆಗ್ಯುಲೇಟರ್ ಕೂರಿಸಿದ ಮೇಲೆ ಸುತ್ತಲೂ ಸಾಬೂನಿನ ನೊರೆ ಹಚ್ಚಬೇಕು. ಗುಳ್ಳೆ ಏಳುತ್ತಿದ್ದರೆ ಒಲೆ ಹಚ್ಚಕೂಡದು. ಬೆಂಕಿಕಡ್ಡಿ ಗೀರಿ ಸೋರಿಕೆ ಪರೀಕ್ಷಿಸುವುದನ್ನು ನಾವು ಅಜಾಗ್ರತೆ ಎಂದಲ್ಲ, ಷರತ್ತಿನ ಉಲ್ಲಂಘನೆ ಎಂದೇ ಎಣಿಸುತ್ತೇವೆ.

ರಾತ್ರಿ ಬಾಗಿಲು ಹಾಕುವಾಗ ಒಲೆಯ ತಿರುಪಿನ ಜೊತೆಗೆ ಸಿಲಿಂಡರಿನ ವಾಲ್ವೂ ಮುಚ್ಚಬೇಕು. ಒಣಪುಡಿಯ ಅಗ್ನಿಶಾಮಕ ಒಂದು, ಕಾದ ಎಣ್ಣೆಯ ಬೆಂಕಿಗೆ ತಕ್ಕ ದ್ರವ ಅಗ್ನಿಶಾಮಕ ಒಂದು, ಬಾಣಲೆ ಮುಚ್ಚುವಷ್ಟು ಅಗಲದ ಲೋಹದ ಮುಚ್ಚಳ ಒಂದು ಅಡುಗೆಮನೆಯ ಬಾಗಿಲ ಬಳಿ ಇರಬೇಕು. ಒಲೆಯ ಹಿಂದೆ ಇದ್ದರೆ ಬೆಂಕಿ ದಾಟಿ ಹೋಗಿ ಯಾರೂ ಅವನ್ನು ತರಲಾರರು. ಉರಿಯುವ ಎಣ್ಣೆಗೆ ನೀರು ಹಾಕಬಾರದೆಂದು ಪ್ರತಿಯೊಬ್ಬ ಕೆಲಸಗಾರನಿಗೂ, ನಿನ್ನೆ ಸೇರಿದ ಹುಡುಗನಿಗೂ, ಹೇಳಿರಬೇಕು.

ಷರತ್ತು ಮುರಿದಿದ್ದರೂ ಅವಘಡಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೆ ಪರಿಹಾರ ನಿಲ್ಲುವುದಿಲ್ಲ. ವೈರಿಂಗಿನಿಂದ ಹತ್ತಿದ ಬೆಂಕಿಗೆ ಹಳೆಯ ರಬ್ಬರ್ ಪೈಪನ್ನು ನೆಪ ಮಾಡುವುದಿಲ್ಲ.

ಗ್ರಾಹಕರಿಗೆ ಗಾಯವಾದರೆ

ಮೊದಲು ಚಿಕಿತ್ಸೆ, ಆಮೇಲೆ ತಪ್ಪು ಯಾರದೆಂಬ ವಿಚಾರ. ನಿಮ್ಮ ಆವರಣದ ಬೆಂಕಿ ಅಥವಾ ಅನಿಲ ಅವಘಡದಲ್ಲಿ ಗಾಯಗೊಂಡ ಪ್ರತಿ ಗ್ರಾಹಕರ ತುರ್ತು ಚಿಕಿತ್ಸೆಗೆ 50,000 ರೂಪಾಯಿವರೆಗೆ, ಒಂದು ಅವಘಡಕ್ಕೆ ಒಟ್ಟು 3,00,000ದವರೆಗೆ, ಹೊಣೆ ಯಾರದೆಂದು ಕೇಳದೆ ಕೊಡುತ್ತೇವೆ. ಸುಟ್ಟಗಾಯವಲ್ಲದೆ ಹೊಗೆ ಕುಡಿದದ್ದು, ಗಾಜು ಚುಚ್ಚಿದ್ದು, ಓಡುವ ಗಡಿಬಿಡಿಯಲ್ಲಿ ಬಿದ್ದು ಮೂಳೆ ಮುರಿದದ್ದೂ ಸೇರಿವೆ. ಆಸ್ಪತ್ರೆಯಿಂದ ಕರೆ ಬಂದರೆ ನಾವೇ ಆಸ್ಪತ್ರೆಗೆ ಭರವಸೆ ಪತ್ರ ಕಳುಹಿಸುತ್ತೇವೆ. ಹೊಗೆ ಕುಡಿದವರು ಆ ಗಳಿಗೆಯಲ್ಲಿ ಚೆನ್ನಾಗಿಯೇ ಕಾಣಬಹುದು, ಉಸಿರಿನ ತೊಂದರೆ ಗಂಟೆಗಳು ಕಳೆದ ಮೇಲೆ ಶುರುವಾಗಬಹುದು. ಆದ್ದರಿಂದ ಏಳು ದಿನಗಳೊಳಗೆ ವೈದ್ಯರಲ್ಲಿಗೆ ಹೋದವರ ಕ್ಲೇಮನ್ನೂ ಒಪ್ಪುತ್ತೇವೆ.

ಇದರ ಮೇಲೆ ಕಾನೂನಿನ ಪ್ರಕಾರ ನೀವು ಕೊಡಬೇಕಾದ ಪರಿಹಾರವನ್ನು, ಸಾವು ಅಥವಾ ಶಾಶ್ವತ ಅಂಗವೈಕಲ್ಯವೂ ಸೇರಿ, ಒಬ್ಬರಿಗೆ 5,00,000, ಒಂದು ಅವಘಡಕ್ಕೆ 15,00,000, ವರ್ಷಕ್ಕೆ 30,00,000 ರೂಪಾಯಿ ಮಿತಿಯಲ್ಲಿ ನಾವು ಭರಿಸುತ್ತೇವೆ. ವಕೀಲರ ಖರ್ಚು ಈ ಮಿತಿಯ ಹೊರಗೆ, ಅದೂ ನಮ್ಮದೇ. ಗ್ರಾಹಕರ ನಿಲ್ಲಿಸಿದ ವಾಹನ, ಪಕ್ಕದ ಅಂಗಡಿ ಮತ್ತು ನೀವು ಬಾಡಿಗೆಗಿರುವ ಕಟ್ಟಡಕ್ಕೆ ಆದ ಹಾನಿಗೆ 4,00,000ದವರೆಗೆ ಪ್ರತ್ಯೇಕ ಮೊತ್ತವಿದೆ.

ನೀವು ಷರತ್ತು ಮುರಿದು ಮನೆಬಳಕೆಯ ಸಿಲಿಂಡರ್ ಬಳಸಿ ಅವಘಡವಾದರೆ ನಿಮ್ಮ ಆಸ್ತಿಗೆ ಪರಿಹಾರವಿಲ್ಲ. ಆದರೆ ಗಾಯಗೊಂಡ ಗ್ರಾಹಕರಿಗೆ ಈ ಭಾಗದ ಹಣ ಕೊಟ್ಟೇ ಕೊಡುತ್ತೇವೆ, ಆಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡುತ್ತೇವೆ. ಅಡುಗೆಮನೆಯಲ್ಲಿ ಯಾವ ಸಿಲಿಂಡರ್ ಇದೆಯೆಂದು ಊಟಕ್ಕೆ ಕುಳಿತವರಿಗೆ ಗೊತ್ತಿರುವುದಿಲ್ಲ. ಅವರ ಚಿಕಿತ್ಸೆ ನಮ್ಮಿಬ್ಬರ ತಕರಾರಿಗೆ ಕಾಯಬಾರದು.

ಕೆಲಸಗಾರರಿಗೂ 50,000 ರೂಪಾಯಿವರೆಗಿನ ತುರ್ತು ಚಿಕಿತ್ಸೆ ಉಂಟು. ಅವರ ಅಂಗವೈಕಲ್ಯ ಅಥವಾ ಸಾವಿನ ಪರಿಹಾರಕ್ಕೆ ನೌಕರರ ಪರಿಹಾರ ವಿಮೆ ಬೇರೆಯೇ ಬೇಕು. ಒಲೆಯ ಮುಂದೆ ದಿನವಿಡೀ ನಿಲ್ಲುವವರು ಅವರು. ಆ ವಿಮೆಯನ್ನು ಮುಂದೂಡಬೇಡಿ ಎಂದು ಈ ಪಾಲಿಸಿಯಲ್ಲೇ ಬರೆದು ಕೇಳಿಕೊಳ್ಳುತ್ತಿದ್ದೇವೆ.

ಯಾವುದಕ್ಕೆ ಪರಿಹಾರವಿಲ್ಲ

ನೀವೇ ಅಥವಾ ನಿಮ್ಮ ಸಮ್ಮತಿಯಿಂದ ಹಚ್ಚಿದ ಬೆಂಕಿ, ಯುದ್ಧ, ಅಣು ವಿಕಿರಣ, ನಗದು ಹಣ, ಬೆಂಕಿಯ ವೇಳೆ ಅಥವಾ ನಂತರದ ಕಳ್ಳತನ, ಒಳಗಿನ ದೋಷದಿಂದ ಸುಟ್ಟ ಮೋಟಾರು (ಆ ಬೆಂಕಿ ಬೇರೆಡೆ ಹಬ್ಬಿದರೆ ಉಳಿದ ನಷ್ಟಕ್ಕೆ ಪರಿಹಾರವಿದೆ), ಆಹಾರ ಕೆಟ್ಟು ಆದ ಅನಾರೋಗ್ಯ, ಆವರಣದಲ್ಲಿ ಪೆಟ್ರೋಲ್ ಅಥವಾ ಪಟಾಕಿ ದಾಸ್ತಾನು ಇಟ್ಟಿದ್ದರಿಂದ ಆದ ನಷ್ಟ.

ಅವಘಡವಾದಾಗ

ಜನರನ್ನು ಹೊರಗೆ ಕಳುಹಿಸಿ, ಆಗುವಂತಿದ್ದರೆ ವಾಲ್ವ್ ಮುಚ್ಚಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಅನಿಲದ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಫೋನನ್ನೂ ಹೊರಗೆ ಬಂದ ಮೇಲೆಯೇ ಬಳಸಿ. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣನೆಯ ಹರಿಯುವ ನೀರು ಬಿಡಿ; ಮಂಜುಗಡ್ಡೆ, ಪೇಸ್ಟು, ಎಣ್ಣೆ ಹಚ್ಚಬೇಡಿ. ಸಾಮಾನು ಉಳಿಸಲು ಯಾರೂ ಒಳಗೆ ಹೋಗಬಾರದು. ಸಾಮಾನಿನ ಹಣ ನಾವು ಕೊಡುತ್ತೇವೆ.

ನಮಗೆ 24 ಗಂಟೆಯೊಳಗೆ ತಿಳಿಸಿ. ನೀವೇ ಆಸ್ಪತ್ರೆಯಲ್ಲಿದ್ದರೆ ತಡವಾದದ್ದನ್ನು ತಪ್ಪೆಂದು ಹಿಡಿಯುವುದಿಲ್ಲ. ಸುಟ್ಟ ಪೈಪು, ರೆಗ್ಯುಲೇಟರ್, ವಾಲ್ವಿನ ರಬ್ಬರ್ ರಿಂಗು ಇವನ್ನು ಗುಜರಿಗೆ ಹಾಕಬೇಡಿ, ತೊಳೆಯಬೇಡಿ. ಕಾರಣ ಹೇಳುವ ಸಾಕ್ಷಿ ಅವೇ. ಗಾಯಗೊಂಡವರ ಹೆಸರು, ಫೋನ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಅವರಿಗೆ ಹಣದ ಒಪ್ಪಂದ ಬರೆದುಕೊಡುವ ಮೊದಲು ನಮ್ಮನ್ನು ಕೇಳಿ. ಕ್ಷಮೆ ಕೇಳಲು, ಆಸ್ಪತ್ರೆಗೆ ಹೋಗಿ ನೋಡಿಬರಲು ಯಾರ ಅನುಮತಿಯೂ ಬೇಡ.

ನಮ್ಮ ಸರ್ವೇಯರ್ 48 ಗಂಟೆಯೊಳಗೆ ಬರುತ್ತಾರೆ. ನೀವು ಕ್ಲೇಮ್ ಅರ್ಜಿಯೊಂದಿಗೆ ಅಗ್ನಿಶಾಮಕ ದಳದ ವರದಿ, ಪೊಲೀಸ್ ದೂರಿನ ಪ್ರತಿ, ಅನಿಲ ಖರೀದಿಯ ರಸೀದಿ ಮತ್ತು ಸಿಕ್ಕಷ್ಟು ಬಿಲ್ಲುಗಳನ್ನು 15 ದಿನಗಳಲ್ಲಿ ಕೊಡಿ. ಬಿಲ್ಲುಗಳೂ ಸುಟ್ಟಿದ್ದರೆ ಮಾರಾಟಗಾರರ ದೃಢೀಕರಣ ಪತ್ರವಾಗಲಿ, ಹಳೆಯ ಫೋಟೋಗಳಾಗಲಿ ಸಾಕು. ಸರ್ವೇಯರ್ ವರದಿ ಬಂದ 15 ದಿನಗಳಲ್ಲಿ ನಮ್ಮ ತೀರ್ಮಾನವನ್ನು ಕಾರಣಸಹಿತ ಕನ್ನಡದಲ್ಲಿ ಬರೆದು ತಿಳಿಸುತ್ತೇವೆ.

ತಕರಾರು

ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲು ನಮ್ಮ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗ್ರಾಹಕ ನ್ಯಾಯಾಲಯದ ದಾರಿಯೂ ತೆರೆದೇ ಇದೆ. ಈ ಪಾಲಿಸಿಯ ಯಾವುದೇ ವಾಕ್ಯಕ್ಕೆ ಎರಡು ಅರ್ಥ ಬರುವಂತಿದ್ದರೆ ನಿಮಗೆ ಅನುಕೂಲವಾದ ಅರ್ಥವೇ ಊರ್ಜಿತ.