ಗೌಂಡಿ ನೀರು ಕೇಳಿದಾಗ

ಪ್ರಾಂಶುಪಾಲರಿಗೆ, ಸಿವಿಲ್ ವಿಭಾಗದ ಗುರುಗಳಿಗೆ, ಊರಿಂದ ಬಂದಿರುವ ತಂದೆ-ತಾಯಂದಿರಿಗೆ, ಇವತ್ತಿನಿಂದ ಎಂಜಿನಿಯರ್ ಅನ್ನಿಸಿಕೊಳ್ಳುವ ನಿಮಗೆಲ್ಲ ನಮಸ್ಕಾರ.

ನಮ್ಮ ಭಾಗದಲ್ಲಿ ಸಿವಿಲ್ ಬಗ್ಗೆ ಭಾಷಣ ಅಂದರೆ ಲಕ್ಕುಂಡಿ ಬರಲೇಬೇಕು, ಹಾವೇರಿಯ ಸಿದ್ಧೇಶ್ವರ ಗುಡಿ ಬರಲೇಬೇಕು. ಅವು ದೊಡ್ಡ ಕೆಲಸಗಳೇ, ಬೇಡ ಅನ್ನುವುದಿಲ್ಲ. ಆದರೆ ಅದೇ ಕಾಲದಲ್ಲಿ ಕಟ್ಟಿ ಬಿದ್ದುಹೋದವುಗಳ ಫೋಟೋ ಯಾರೂ ತೋರಿಸುವುದಿಲ್ಲ, ಅಲ್ವಾ? ನಿಮಗೆ ನಾನು ಬೇರೆ ಜಾಗ ಹೇಳುತ್ತೇನೆ. ನಿಮ್ಮ ಓಣಿಯಲ್ಲೇ ಹದಿನೈದಿಪ್ಪತ್ತು ವರ್ಷದ ಒಂದು ಅಪಾರ್ಟ್‌ಮೆಂಟ್ ಇರುತ್ತದೆ. ಮೇಲಿನ ಮನೆಯ ಬಾತ್‌ರೂಮಿಗೆ ಸರಿಯಾಗಿ ಕೆಳಗೆ ನಿಂತು ತಲೆ ಎತ್ತಿ ನೋಡಿ. ಪ್ಲಾಸ್ಟರ್ ಉದುರಿ, ತುಕ್ಕು ಹಿಡಿದ ರಾಡ್ ಉದ್ದಕ್ಕೂ ಕಾಣುತ್ತಿದ್ದರೆ, ಬಹುಮಟ್ಟಿಗೆ ಅಲ್ಲಿ ಕವರ್, ಅಂದರೆ ರಾಡನ್ನು ಮುಚ್ಚುವ ಕಾಂಕ್ರೀಟ್, ಸಾಲದಾಗಿತ್ತು ಅಂತ ಅರ್ಥ. ಸ್ಲ್ಯಾಬಿಗೆ ಕಡಿಮೆ ಅಂದರೂ 20 ಮಿ.ಮೀ. ಕವರ್ ಬೇಕು ಅಂತ ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ. ಅಲ್ಲಿ ಕವರ್ ಬ್ಲಾಕ್ ಬದಲು ರಾಡ್ ಕೆಳಗೆ ಖಡಿ ಚೂರು ಇಟ್ಟಿರುತ್ತಾರೆ. ಯಾರೋ ಮೇಲೆ ಕಾಲಿಟ್ಟ ಕೂಡಲೇ ಚೂರು ಹೊರಳುತ್ತದೆ, ರಾಡ್ ಸೆಂಟ್ರಿಂಗ್ ಶೀಟಿಗೆ ಅಂಟಿ ಕೂರುತ್ತದೆ. ಮುಂದೆ ತೇವ ಒಳಗಿಳಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕವರ್ ಬ್ಲಾಕ್ ಮಾಡಲು ಖರ್ಚೇನೂ ಇಲ್ಲ. ಒಂದು ವಾರ ಮೊದಲು ನೆನಪಿರಬೇಕು, ಅಷ್ಟೇ.

ಒಂದು ವಾರ ಮೊದಲು ಯಾರಿಗೆ ನೆನಪಿರಬೇಕು? ರಾಡ್ ಕಟ್ಟುವವನಿಗಾ, ನಿಮಗಾ? ನಾನು ಇವತ್ತು ಹೇಳಬೇಕಾದ ಮಾತು ಇದೇ. ಸೈಟಿನಲ್ಲಿ ಕೆಟ್ಟ ಕೆಲಸ ಕಂಡರೆ ನಾವು ಮೊದಲು ಕೆಲಸಗಾರನನ್ನು ಬೈಯುತ್ತೇವೆ. ನಿಜವಾಗಿ ಬಹಳ ಸಲ ಅವನಿಗೆ ಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಕೊಡದೇ ಇದ್ದವರು ನಾವೇ ಆಗಿರುತ್ತೇವೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಲ್ಯಾಬ್ ಹಾಕುವ ದಿನ ಮಧ್ಯಾಹ್ನದ ಹೊತ್ತಿಗೆ ಗೌಂಡಿ ನಿಮ್ಮನ್ನು ಕರೆಯುತ್ತಾನೆ. "ಸಾಹೇಬ್ರ, ಮಾಲು ಭಾಳ ಬಿರುಸಾಗೇತಿ, ಒಂದೀಟು ನೀರು ಬಿಡೂಣೇನ್ರಿ?" ಇದು ನೀವು ಎಲ್ಲಿಗೆ ಹೋದರೂ ಕೇಳುವ ಮಾತು. ನಿಮಗೆ ಲೆಕ್ಕ ಗೊತ್ತು. 50 ಕೆ.ಜಿ. ಚೀಲಕ್ಕೆ 25 ಲೀಟರ್ ನೀರು ಅಂದರೆ ನೀರು-ಸಿಮೆಂಟಿನ ಪ್ರಮಾಣ 0.5. ಸುಮ್ನೆ ಇನ್ನೊಂದು 5 ಲೀಟರ್ ಸುರಿದರೆ 0.6 ಆಯಿತು. ಸಿಮೆಂಟಿನ ರಾಸಾಯನಿಕ ಕ್ರಿಯೆಗೆ ಬೇಕಾಗುವ ನೀರು ಅದರ ತೂಕದ ಕಾಲು ಭಾಗದಷ್ಟೇ. ಉಳಿದಿದ್ದೆಲ್ಲ ಕೆಲಸ ಸಲೀಸಾಗಲಿ ಅಂತ ಹಾಕಿದ್ದು. ಅದು ಆಮೇಲೆ ಆರಿ ಹೋಗುತ್ತದೆ, ಹೋದ ಜಾಗದಲ್ಲಿ ತೂತು ಉಳಿಯುತ್ತದೆ. ಹಾಗಾಗಿ ನೀವು "ಬೇಡ" ಅನ್ನುತ್ತೀರಿ. ಸರಿಯಾಗಿಯೇ ಹೇಳಿದಿರಿ.

ಆದರೆ ನೀವು ಆ ಕಡೆ ಫೋನ್ ಹಿಡಿದು ಹೋದ ಕೂಡಲೇ ನೀರು ಬೀಳುತ್ತದೆ. ಯಾಕೆಂದರೆ ನೀವು ಬೇಡ ಅಂದಿರಿ, ಅವನು ಯಾಕೆ ಕೇಳಿದ ಅಂತ ನೋಡಲಿಲ್ಲ.

ಅವನು ಕೇಳುವುದಕ್ಕೆ ಕಾರಣ ಇರುತ್ತದೆ. ಬೀಮ್ ಮತ್ತು ಕಾಲಮ್ ಕೂಡುವ ಕಡೆ ರಾಡ್‌ಗಳು ಎಷ್ಟು ಒತ್ತಾಗಿವೆ ಅಂದರೆ 20 ಮಿ.ಮೀ. ಖಡಿ ಒಳಗೆ ಇಳಿಯುವುದೇ ಇಲ್ಲ. ಕೊಟ್ಟಿರುವುದು ವೈಬ್ರೇಟರಿನ 60 ಮಿ.ಮೀ. ನೀಡಲ್, ಅಲ್ಲಿ ಅದು ತೂರುವುದಿಲ್ಲ. ಇಲ್ಲವಾದರೆ ವೈಬ್ರೇಟರ್ ಕೆಟ್ಟು ನಿಂತಿದೆ, ಇನ್ನೊಂದನ್ನು ಯಾರೂ ತರಿಸಿಲ್ಲ. ಅಥವಾ ರೆಡಿಮಿಕ್ಸ್ ಗಾಡಿ ಚನ್ನಮ್ಮ ಸರ್ಕಲ್ ದಾಟುವಷ್ಟರಲ್ಲಿ ಒಂದು ಗಂಟೆ ಹೋಗಿದೆ, ಸೈಟಿನಲ್ಲಿ ಪಂಪ್ ಜೋಡಿಸಿರದೆ ಇನ್ನೊಂದು ಗಂಟೆ ಕಾದಿದೆ. ರೆಡಿಮಿಕ್ಸಿಗೆ ಸಾಮಾನ್ಯವಾಗಿ ಇರುವ ಗಡುವೇ ಎರಡು ಗಂಟೆ. ಇಂಥ ಮಾಲನ್ನು ಅವನ ಕೈಗೆ ಕೊಟ್ಟು "ಹನಿಕೋಂಬ್ ಬರಬಾರದು, ತೂತು ಉಳಿಯಬಾರದು" ಅಂದರೆ ಪಾಪ, ಅವನು ಏನು ಮಾಡಬೇಕು? ಅವನ ಕೈಯಲ್ಲಿ ಇರುವ ಮದ್ದು ನೀರು ಒಂದೇ.

ಅದಕ್ಕೇ ಗೌಂಡಿ ನೀರು ಕೇಳಿದರೆ ನಿಂತು ನೋಡಿ. ಮೊದಲು ಸ್ಲಂಪ್ ಹಿಡಿಯಿರಿ. ಮಾಲು ನಿಜವಾಗಿ ಬಿರುಸಾಗಿದೆಯಾ, ಇಲ್ಲ ಜಾಗವೇ ಇಕ್ಕಟ್ಟಾ? ಮಾಲು ಬಿರುಸಾಗಿದ್ದರೆ ಪ್ಲಾಂಟಿನವರ ಜೊತೆ ಮಾತಾಡಿ, ಅವರು ಹೇಳಿದ ಅಳತೆಯಲ್ಲಿ ಪ್ಲಾಸ್ಟಿಸೈಜರ್ ಹಾಕಿಸಿ. ಹೊತ್ತು ಮೀರಿದ್ದರೆ ಗಾಡಿ ವಾಪಸ್ ಕಳಿಸಿ, ಬೈಸಿಕೊಳ್ಳಿ. ಜಾಗ ಇಕ್ಕಟ್ಟಾದರೆ ಸಣ್ಣ ನೀಡಲ್ ಬೇಕು, ಸಣ್ಣ ಖಡಿ ಬೇಕು. ಅದನ್ನು ಸ್ಲ್ಯಾಬಿನ ದಿನ ಹುಡುಕಿದರೆ ಸಿಗುವುದಿಲ್ಲ. ಹಿಂದಿನ ವಾರ ಡ್ರಾಯಿಂಗ್ ಬಿಚ್ಚಿದಾಗಲೇ ಆ ಜಾಯಿಂಟ್ ನಿಮ್ಮ ಕಣ್ಣಿಗೆ ಬೀಳಬೇಕಿತ್ತು.

ಛಜ್ಜಾದ್ದೂ ಇದೇ ಕಥೆ. ಛಜ್ಜಾದ ಮುಖ್ಯ ರಾಡ್ ಮೇಲುಗಡೆ ಇರಬೇಕು, ಇದು ಎರಡನೇ ವರ್ಷದ ಪಾಠ. 100 ಮಿ.ಮೀ. ದಪ್ಪದ ಛಜ್ಜಾದಲ್ಲಿ ರಾಡ್ ಕೆಳಗಿನಿಂದ 75 ಮಿ.ಮೀ. ಎತ್ತರದಲ್ಲಿ ಇದೆ ಅಂದುಕೊಳ್ಳಿ. ಬುಟ್ಟಿ ಹೊತ್ತವರು ಅದರ ಮೇಲೇ ಓಡಾಡಿದರು, ರಾಡ್ 30 ಮಿ.ಮೀ. ಕೆಳಗಿಳಿಯಿತು. 75 ಇದ್ದದ್ದು 45 ಆಯಿತು. ತಾಳುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಹೋಯಿತು. ಸಿಮೆಂಟ್ ಒಳ್ಳೆಯದು, ಸ್ಟೀಲ್ ಒಳ್ಳೆಯದು, ಬಿಲ್ಲಿನಲ್ಲಿ ಎಲ್ಲ ಸರಿ ಇದೆ. ಯಾರ ತಪ್ಪು? ತಲೆ ಮೇಲೆ ಭಾರ ಹೊತ್ತ ಹೆಣ್ಣುಮಗಳು ಎಲ್ಲಿ ಕಾಲಿಡಬೇಕು ಅಂತ ಗಾಳಿಯಲ್ಲಿ ಹುಡುಕಲು ಆಗುತ್ತದಾ? ಓಡಾಡಲು ಹಲಗೆ ಹಾಕಿಸಬೇಕಿತ್ತು. ರಾಡ್ ಕೆಳಗೆ ಅದನ್ನು ಎತ್ತಿ ಹಿಡಿಯುವ ಗಟ್ಟಿಯಾದ ಚೇರ್ ಇಡಿಸಬೇಕಿತ್ತು. ಎರಡೂ ನಿಮ್ಮ ಕೆಲಸ.

ಸಾಮಾನಿನ ಬಗ್ಗೆ ಹೆಚ್ಚು ಎಳೆಯುವುದಿಲ್ಲ, ನಿಮ್ಮ ಗುರುಗಳು ಹೇಳಿರುತ್ತಾರೆ. ಸಿಮೆಂಟ್ ಚೀಲ ನೆಲಕ್ಕೂ ತಾಗಬಾರದು, ಗೋಡೆಗೂ ತಾಗಬಾರದು. ಹತ್ತು ಚೀಲಕ್ಕಿಂತ ಎತ್ತರ ಒಟ್ಟಬೇಡಿ. ಮೊದಲು ಬಂದದ್ದು ಮೊದಲು ಖರ್ಚಾಗಲಿ. ಮೂರು ತಿಂಗಳು ಮೀರಿದ್ದರೆ ಟೆಸ್ಟ್ ಮಾಡಿಸದೆ ಬಳಸಬೇಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೂರು ತಿಂಗಳು ಕೂಡ ಜಾಸ್ತಿಯೇ. ಒದ್ದೆ ಉಸುಕು ಉಬ್ಬುತ್ತದೆ, ಬುಟ್ಟಿ ಅಥವಾ ಡಬ್ಬಿಯಲ್ಲಿ ಅಳೆದರೆ ನಿಜವಾದ ಉಸುಕು ಕಡಿಮೆ ಬೀಳುತ್ತದೆ. ಇಟ್ಟಿಗೆ ನೆನೆಸದೆ ಕಟ್ಟಿದರೆ ಅದು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಎರೆ ನೆಲದಲ್ಲಿ ಕೆಲಸ ಸಿಕ್ಕಿದರೆ, ನವಲಗುಂದ, ನರಗುಂದ, ಅಣ್ಣಿಗೇರಿ ಕಡೆ ಸಿಗುವುದೇ ಅದು, ಅಗೆದ ಪಾಯವನ್ನು ಮಳೆಗೆ ತೆರೆದಿಟ್ಟು ಊರಿಗೆ ಹೋಗಬೇಡಿ. ಆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರಿಯುತ್ತದೆ. ನಮ್ಮ ಹಳ್ಳಿ ಮನೆಗಳ ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಬಿರುಕು ಯಾಕೆ ಬರುತ್ತದೆ ಅಂತ ನಿಮ್ಮ ಅಜ್ಜನನ್ನು ಕೇಳಿದರೂ ಹೇಳುತ್ತಾರೆ.

ಕ್ಯೂರಿಂಗ್ ಬಗ್ಗೆ ಮಾತ್ರ ನಾನು ಬಿಡುವುದಿಲ್ಲ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಎಲ್ಲ ಕಡೆ ಬರುವ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ, ನಮ್ಮ ಬೇಸಿಗೆಯಂಥ ಬಿಸಿ ಒಣ ಹವೆಯಲ್ಲಿ ಯಾವ ಸಿಮೆಂಟಿಗೂ 10 ದಿನಕ್ಕೆ ಕಡಿಮೆ ಇಲ್ಲ, ಪಿಪಿಸಿಗೆ 14 ದಿನ ಮಾಡಿದರೆ ಒಳ್ಳೆಯದು. ಕೋಡಿನಲ್ಲಿ ಹೀಗಿದೆ. ಸೈಟಿನಲ್ಲಿ ಏನಾಗುತ್ತದೆ? "ಏ, ದಿನಾ ನೀರು ಹೊಡಿ" ಅಂತ ವಾಚ್‌ಮನ್‌ಗೆ ಹೇಳುತ್ತೇವೆ. ಅವನು ಹೆಂಡತಿಗೆ ಹೇಳುತ್ತಾನೆ. ಆ ತಾಯಿಗೆ ಅದಕ್ಕೆ ಪಗಾರ ಇಲ್ಲ. ಪೈಪ್ ಎರಡನೇ ಮಹಡಿಗೆ ಮುಟ್ಟುವುದಿಲ್ಲ. ಹುಬ್ಬಳ್ಳಿಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ! ಆಮೇಲೆ ಕಾಲಮ್ ಒಣಗಿ ಬೆಳ್ಳಗಾಗಿದೆ ಅಂತ ಅವಳ ಮೇಲೆ ರೇಗುತ್ತೇವೆ. ಸ್ಲ್ಯಾಬ್ ತಾರೀಖು ಬರೆಯುವ ಮೊದಲು ನೀರಿನ ಟ್ಯಾಂಕ್, ಪಂಪು, ಪೈಪು, ಕಾಲಮ್‌ಗೆ ಸುತ್ತಲು ಗೋಣಿತಟ್ಟು, ಅದನ್ನು ಮಾಡುವವರ ಪಗಾರ, ಇಷ್ಟನ್ನೂ ಬರೆಯಿರಿ. ಟ್ಯಾಂಕ್ ಇಲ್ಲದಿದ್ದರೆ ಸ್ಲ್ಯಾಬ್ ಮುಂದಕ್ಕೆ ಹಾಕಿ.

ಇನ್ನು ಮಾತಿನ ರೀತಿ. ನಿಮ್ಮ ಸೈಟಿನಲ್ಲಿ ಗದಗ, ಕೊಪ್ಪಳದ ಕಡೆಯ ಗೌಂಡಿಗಳು ಇರುತ್ತಾರೆ, ಬಿಹಾರ, ಒಡಿಶಾದ ಹುಡುಗರು ಇರುತ್ತಾರೆ. ನಿಮ್ಮ ಅಪ್ಪನ ವಯಸ್ಸಿನವರನ್ನು ಏಕವಚನದಲ್ಲಿ ಕರೆಯಬೇಡಿ. ಕಾಕಾ ಅನ್ನಿ, ಮೇಸ್ತ್ರಿ ಅನ್ನಿ, ಮಾತಿಗೊಂದು ರೀ ಹಚ್ಚಿ. ಇದು ಬರೀ ಮರ್ಯಾದೆಯ ಮಾತಲ್ಲ, ನಿಮಗೆ ಲಾಭವೂ ಇದೆ. ರೇಗುವ ಎಂಜಿನಿಯರ್ ಹತ್ತಿರ ಯಾರೂ "ಸಾಹೇಬ್ರ, ಇಲ್ಲೊಂದು ರಿಂಗ್ ಬಿಟ್ಟೇತ್ರಿ" ಅಂತ ಹೇಳಲು ಬರುವುದಿಲ್ಲ. ಸೆಂಟ್ರಿಂಗ್ ಮುಚ್ಚುತ್ತಾರೆ, ಕಾಂಕ್ರೀಟ್ ಬೀಳುತ್ತದೆ, ಆಮೇಲೆ ರಾಡ್‌ಗಳನ್ನು ಸುತ್ತಿ ಹಿಡಿಯಬೇಕಿದ್ದ ಆ ರಿಂಗ್ ಬಿಟ್ಟದ್ದು ನಿಮಗೂ ಕಾಣುವುದಿಲ್ಲ, ಮಾಲೀಕನಿಗೂ ಕಾಣುವುದಿಲ್ಲ.

ಹಾಗಂತ ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ. ರಿಂಗಿನ ಕೊಕ್ಕೆ 90 ಡಿಗ್ರಿಗೆ ಬಗ್ಗಿಸಿ "ಹಿಂಗ ಮಾಡ್ಕೋತ ಬಂದೇವ್ರಿ" ಅನ್ನುವವರು ಸಿಗುತ್ತಾರೆ. 135 ಡಿಗ್ರಿ ಬೇಕು ಅಂತ ಹೇಳಿ. ಹೇಳುವಾಗ ಒಂದು ರಿಂಗನ್ನು ನೀವೇ ಬಗ್ಗಿಸಿ ತೋರಿಸಿ. ಕೈಗೆ ಎಷ್ಟು ಬಿಗಿ ಅಂತ ಆಗ ನಿಮಗೂ ಗೊತ್ತಾಗುತ್ತದೆ.

ಒತ್ತಡ ಬರುತ್ತದೆ. ಕಾಲಮ್‌ಗೆ ಒಂದು ಮಾಲು, ಟೆಸ್ಟಿಗೆ ಕಳಿಸುವ ಕ್ಯೂಬಿಗೆ ಬೇರೆ ಮಾಲು ಅಂತ ಹೇಳಿಕೊಡುವವರು ಇರುತ್ತಾರೆ. ಅಂಥ ಕ್ಯೂಬ್ 28ನೇ ದಿನ ಚೆನ್ನಾಗಿ ಪಾಸಾಗುತ್ತದೆ, ಆದರೆ ಕಟ್ಟಡ ಕ್ಯೂಬಿನ ಮೇಲೆ ನಿಂತಿರುವುದಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ ನೀವೆಲ್ಲ ಶಾಲೆಯಲ್ಲಿದ್ದಿರಿ. 19 ಜನ ಹೋದರು. ಅದರ ಕಾರಣಗಳನ್ನು ನಾನು ಈ ವೇದಿಕೆಯಿಂದ ಹೇಳಲು ಹೋಗುವುದಿಲ್ಲ. ಆದರೆ ಕಾಂಕ್ರೀಟ್ ಹಾಕಲು ಒಪ್ಪಿಗೆ ಕೊಡುವ ಪೋರ್ ಕಾರ್ಡಿನಲ್ಲಿ ಸಹಿ ಹಾಕುವಾಗ ಆ ಓಣಿ ನಿಮ್ಮ ಕಣ್ಣ ಮುಂದೆ ಇರಲಿ. ನೋಡದೇ ಇದ್ದದ್ದಕ್ಕೆ ಸಹಿ ಬೇಡ. ಬೇಡ ಅಂದದ್ದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಸೈಟ್ ರಜಿಸ್ಟರಿನಲ್ಲಿ ತಾರೀಖು ಹಾಕಿ ಬರೆಯಿರಿ.

ಕೊನೆಯದಾಗಿ ಬಟವಾಡೆ. ಇದನ್ನು ಕಾಲೇಜಿನಲ್ಲಿ ಯಾರೂ ಹೇಳುವುದಿಲ್ಲ. ಗೌಂಡಿಗೆ ವಾರದ ದುಡ್ಡು ಬರುವುದು ನೀವು ಅಳತೆ ಬರೆದುಕೊಟ್ಟ ಮೇಲೆ. ನೀವು ಅಳತೆಯನ್ನು ಶನಿವಾರ ಸಂಜೆಯವರೆಗೆ ಎಳೆದರೆ ಗುತ್ತಿಗೆದಾರ "ಸೋಮವಾರ ನೋಡೋಣ" ಅನ್ನುತ್ತಾನೆ. ಆ ಮನುಷ್ಯ ಸಂತೆ ಮಾಡದೆ ಮನೆಗೆ ಹೋಗುತ್ತಾನೆ. ಮುಂದಿನ ವಾರ ಎರಡು ದಿನದ ಕೆಲಸವನ್ನು ಒಂದೇ ದಿನಕ್ಕೆ ಓಡಿಸುತ್ತಾನೆ, ನಿಮ್ಮ ಗೋಡೆ ತೂಕಗುಂಡಿಗೆ ತಪ್ಪಿ ವಾಲುತ್ತದೆ. ಶುಕ್ರವಾರ ಮಧ್ಯಾಹ್ನವೇ ಟೇಪ್ ಹಿಡಿಯಿರಿ, ಇನ್ನೊಂದು ತುದಿಯನ್ನು ಅವನ ಕೈಗೇ ಕೊಡಿ. ಎಷ್ಟು ಬಂತು ಅಂತ ಅವನ ಮುಂದೆಯೇ ಬರೆಯಿರಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಲ್ಲಿ ಊಟವೂ ತಯಾರಾಗಿದೆ. ಪ್ರಶ್ನೆಗಳಿದ್ದರೆ ಕೇಳಿ. ಸೋಮವಾರವೇ ಸೈಟಿಗೆ ಹಾಜರಾಗಬೇಕಾದವರು ಮೊದಲು ಕೇಳಲಿ. ಮೈಕ್ ಹಿಂದಿನ ಸಾಲಿಗೆ ಕೊಡ್ರಪ್ಪಾ.