ಗೊಂಬೆ ಆರ್ಡರ್ ತಡವಾಗುತ್ತಿದೆ, ದಯವಿಟ್ಟು ಕ್ಷಮಿಸಿ

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ 5ಕ್ಕೆ ಚನ್ನಪಟ್ಟಣದಿಂದ ಹೊರಡಬೇಕಿದ್ದ ದಸರಾ ಗೊಂಬೆಗಳು ಇನ್ನೂ ಹೊರಟಿಲ್ಲ. ಕಾಯುತ್ತಿರುವ ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ಮಕ್ಕಳಿಗೆ ಮಾತು ಕೊಟ್ಟು ಕೂತಿರುತ್ತೀರಿ, ಬೇಸರ ಆಗೋದು ಸಹಜ.

ಕಾರಣ ಮಳೆ. ನಮ್ಮ ಗೊಂಬೆಗಳು ಆಲೆ ಮರದವು. ಮರ ಚೆನ್ನಾಗಿ ಒಣಗಿದ ಮೇಲೆಯೇ ಕಡೆಯಬೇಕು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಒಳಗೆ ಪಸೆ ಇದ್ದರೆ ಆಮೇಲೆ ಮರ ಬಿರುಕು ಬಿಡುತ್ತದೆ, ಬಣ್ಣ ಚಕ್ಕೆ ಏಳುತ್ತದೆ. ಮಕ್ಕಳು ಬಾಯಿಗೆ ಹಾಕುವ ಸಾಮಾನು ಅಲ್ವಾ? ಅವಸರ ಮಾಡೋದು ಬೇಡ ಎಂದು ಕುಶಲಕರ್ಮಿಗಳು ಹೇಳಿದರು. ನನಗೂ ಅದೇ ಸರಿ ಅನ್ನಿಸಿತು.

ಈಗ ಮರ ಒಣಗಿದೆ, ಕೆಲಸ ಶುರುವಾಗಿದೆ. ರಾಜ ರಾಣಿ ಜೋಡಿ, ಗಿಲಕಿ, ಬುಗುರಿ ಸೆಪ್ಟೆಂಬರ್ 15ಕ್ಕೆ ಹೊರಡುತ್ತವೆ. ಅಂಬಾರಿ ಆನೆಯಲ್ಲಿ ಕೈಕೆಲಸ ಜಾಸ್ತಿ, ಹಾಗಾಗಿ ಅದು 18ಕ್ಕೆ. ಬೆಂಗಳೂರು, ಮೈಸೂರಿಗೆ ಎರಡು ದಿನ, ಉಳಿದ ಊರುಗಳಿಗೆ ನಾಲ್ಕೈದು ದಿನ ಸಾಕು. ಹಬ್ಬಕ್ಕೆ ಮೊದಲೇ ಗೊಂಬೆ ಕೂರಿಸಬಹುದು. ಆನೆಯ ಜೊತೆ ಬೇರೆ ಗೊಂಬೆಗಳನ್ನೂ ಆರ್ಡರ್ ಮಾಡಿದವರಿಗೆ ಎರಡು ಪಾರ್ಸೆಲ್ ಬರುತ್ತದೆ, ಹೆಚ್ಚಿನ ಕೊರಿಯರ್ ಖರ್ಚು ನಮ್ಮದು.

ಅಷ್ಟು ದಿನ ಕಾಯಲು ಆಗದವರು ಆರ್ಡರ್ ಮಾಡಿದ ವಾಟ್ಸಾಪ್ ನಂಬರಿಗೇ ಒಂದು ಮೆಸೇಜ್ ಹಾಕಿ. ಕಾರಣ ಕೇಳುವುದಿಲ್ಲ, ಪೂರ್ತಿ ಹಣ ಮೂರು ದಿನದೊಳಗೆ ವಾಪಸ್ ಮಾಡುತ್ತೇವೆ. ವಿಳಾಸ ಬದಲಾಗಿದ್ದರೆ 13ರೊಳಗೆ ತಿಳಿಸಿ. ಪಾರ್ಸೆಲ್ ಹೊರಟ ದಿನವೇ ಟ್ರ್ಯಾಕಿಂಗ್ ನಂಬರ್ ಕಳಿಸುತ್ತೇವೆ.