92.50 ಲಿಮಿಟ್ ಹೇಳಿದ್ರೂ 89ಕ್ಕೆ ಮಾರಿದ ಆರ್ಡರ್ ಬಗ್ಗೆ ಕಂಪ್ಲೇಂಟ್, ಕ್ಲೈಂಟ್ ಕೋಡ್ SM4172

ಕಂಪ್ಲೇಂಟ್ ಆಫೀಸರ್ ಅವರಿಗೆ,
ನಮಸ್ಕಾರ ಸರ್/ಮೇಡಂ,

ಮಾರ್ಚ್ 11, 2025 ಮಂಗಳವಾರ ಬೆಳಿಗ್ಗೆ ಆ್ಯಪ್ ಲಾಗಿನ್ ಆಗ್ಲಿಲ್ಲ, ಓಟಿಪಿನೇ ಬರ್ಲಿಲ್ಲ, ಅದಕ್ಕೆ 10:38ಕ್ಕೆ ನಿಮ್ಮ ಶಿವಮೊಗ್ಗ ಬ್ರಾಂಚಿನ ಡೀಲಿಂಗ್ ನಂಬರಿಗೆ ಫೋನ್ ಮಾಡಿ ನನ್ನ ಅಕೌಂಟಲ್ಲಿರೋ ಶುಗರ್ ಕಂಪನಿ ಶೇರು 400 ಮಾರೋಕೆ ಹೇಳಿದೆ. "ಲಿಮಿಟ್ ಹಾಕಿ, ತೊಂಬತ್ತೆರಡೂವರೆ, ಅದಕ್ಕಿಂತ ಕಮ್ಮಿಗೆ ಬೇಡ" ಅಂತ ಎರಡು ಸಲ ಹೇಳಿದೀನಿ. ಆ ಕಡೆಯಿಂದ "ಹೂಂ ಆಯ್ತು" ಅಂದ್ರು ಅಷ್ಟೇ, ರೇಟ್ ವಾಪಸ್ ಓದಿ ಹೇಳ್ಲಿಲ್ಲ, ಪಕ್ಕದಲ್ಲಿ ಇನ್ನೊಂದು ಫೋನ್ ಬಡ್ಕೊಳ್ತಿತ್ತು.

ಸಂಜೆ ಕಾಂಟ್ರಾಕ್ಟ್ ನೋಟ್ ತೆಗೆದು ನೋಡಿದ್ರೆ 10:42ಕ್ಕೇ 150 ಶೇರು 89.40ಕ್ಕೆ, 250 ಶೇರು 88.90ಕ್ಕೆ ಹೋಗಿಬಿಟ್ಟಿದೆ. ಬಂದಿದ್ದು 35,635, ಬರಬೇಕಿದ್ದಿದ್ದು 37,000. ಅಂದ್ರೆ 1,365 ರೂಪಾಯಿ ಕಮ್ಮಿ, ಮೇಲಿಂದ ಕಾಲ್ ಅಂಡ್ ಟ್ರೇಡ್ ಚಾರ್ಜ್ ಅಂತ ಜಿಎಸ್‌ಟಿ ಸೇರಿ 59 ಬೇರೆ ಕಟ್ ಮಾಡಿದೀರಾ! ಅವತ್ತೇ ಮಧ್ಯಾಹ್ನ ರೇಟು 92.80 ತನಕ ಹೋಗಿದೆ, ನನ್ನ ಆರ್ಡರ್ ಸುಮ್ನೆ ಬಿಟ್ಟಿದ್ರೆ ಆಗ್ತಿತ್ತು.

ಮರುದಿನ ಬ್ರಾಂಚಿಗೆ ಹೋಗಿ ಕೇಳಿದ್ರೆ "ಮಾರ್ಕೆಟ್ ಫಾಸ್ಟ್ ಇತ್ತು, ಸ್ಲಿಪೇಜ್ ಆಗಿದೆ" ಅಂದ್ರು. ಯಾವ ಸ್ಲಿಪೇಜ್ ಸರ್? 92.50ಕ್ಕೆ ಸೆಲ್ ಲಿಮಿಟ್ ಹಾಕಿದ್ರೆ ಎಕ್ಸ್‌ಚೇಂಜಲ್ಲಿ ಅದಕ್ಕಿಂತ ಕಮ್ಮಿಗೆ ಮ್ಯಾಚ್ ಆಗೋದೇ ಇಲ್ಲ. ಅಂದ್ರೆ ಡೀಲರ್ ಮಾರ್ಕೆಟ್ ಆರ್ಡರ್ ಪಂಚ್ ಮಾಡಿದಾರೆ, ಆ್ಯಪಿನ ಆರ್ಡರ್ ಬುಕ್ಕಲ್ಲೂ MARKET ಅಂತಲೇ ಇದೆ.

ಇದ್ರ ಜೊತೆ ಕಾಂಟ್ರಾಕ್ಟ್ ನೋಟ್ ಪಿಡಿಎಫ್, ಆರ್ಡರ್ ಬುಕ್ ಸ್ಕ್ರೀನ್‌ಶಾಟ್, ಎಕ್ಸ್‌ಚೇಂಜಿಂದ ಬಂದ ಟ್ರೇಡ್ ಎಸ್ಸೆಮ್ಮೆಸ್, 10:38ರ ಕರೆ ಕಾಣೋ ಕಾಲ್ ಲಾಗ್ (3 ನಿಮಿಷ 20 ಸೆಕೆಂಡ್), ಲೆಡ್ಜರಲ್ಲಿ 59 ರೂಪಾಯಿ ಹೋಗಿರೋ ಪುಟ, ಅವತ್ತಿನ ಹೈ-ಲೋ ಕಾಣೋ ಚಾರ್ಟು ಎಲ್ಲ ಅಟ್ಯಾಚ್ ಮಾಡಿದೀನಿ. ಫೋನಲ್ಲಿ ಮಾತಾಡ್ತಾ ಕರೆಂಟ್ ಬಿಲ್ಲಿನ ಹಿಂದೆ "400 – 92.50 ಲಿಮಿಟ್" ಅಂತ ಗೀಚ್ಕೊಂಡಿದ್ದೆ, ಅದ್ರ ಫೋಟೋನೂ ಇದೆ, ಅದು ಪುರಾವೆ ಆಗಲ್ಲ ಅಂತ ನಂಗೂ ಗೊತ್ತು, ಇರ್ಲಿ ಅಂತ ಹಾಕಿದೀನಿ.

ನನ್ನ ಹತ್ರ ಇಲ್ದೇ ಇರೋದು ಒಂದೇ, ಕಾಲ್ ರೆಕಾರ್ಡಿಂಗ್, ಅದು ನಿಮ್ಮ ಹತ್ರ ಇರ್ಬೇಕು. ಗ್ರಾಹಕ ಆರ್ಡರ್ ಕೊಟ್ಟಿದ್ದಕ್ಕೆ ದಾಖಲೆ ಇಟ್ಕೋಬೇಕು, ತಕರಾರು ಬಂದ್ರೆ ಅದನ್ನ ಬ್ರೋಕರೇ ತೋರಿಸ್ಬೇಕು ಅಂತ ಸೆಬಿ 2018ರ ಮಾರ್ಚಲ್ಲೇ ಸರ್ಕ್ಯುಲರ್ ಹೊರಡಿಸಿದೆ. ದಯವಿಟ್ಟು ಅದನ್ನ ಅಳಿಸದೆ ತೆಗೆದಿಡಿ, ಡೀಲರ್ ಟರ್ಮಿನಲ್ಲಿನ ಆರ್ಡರ್ ಲಾಗ್ ಜೊತೆ ಒಂದು ಕಾಪಿ ನಂಗೂ ಕಳ್ಸಿ.

1,365 ಪ್ಲಸ್ 59, ಒಟ್ಟು 1,424 ರೂಪಾಯಿ ನನ್ನ ಲೆಡ್ಜರಿಗೆ ಹಾಕಿ. ಕಂಪ್ಲೇಂಟ್ ನಂಬರ್ ಇವತ್ತೇ ಬೇಕು, ಉತ್ತರ ಮಾರ್ಚ್ 24ರ ಒಳಗೆ ಲಿಖಿತವಾಗಿ ಬರ್ಲಿ, ಬ್ರಾಂಚಿಂದ ಫೋನ್ ಮಾಡಿಸೋದು ಬೇಡ. ಬರ್ಲಿಲ್ಲ ಅಂದ್ರೆ ಇದೇ ಕಾಗದಗಳನ್ನ scores.sebi.gov.in ಗೆ ಹಾಕ್ತೀನಿ.

ಇಂತಿ,
ಕ್ಲೈಂಟ್ SM4172, ಶಿವಮೊಗ್ಗ
ಮಾರ್ಚ್ 13, 2025